ಬಂದರೆ ಎಲ್ಲರೂ ಒಟ್ಟಿಗೇ ಬರ್ತಾರೆ: ಕೌಂಟರ್ ಮುಂದಿನ ಒಂದು ಗಂಟೆಯ ಲೆಕ್ಕ

(ಭಾನುವಾರ ನಮ್ಮೂರಿನ ಗ್ರಂಥಾಲಯದಲ್ಲಿ ಆಡಿದ ಮಾತುಗಳಿವು. ಬೋರ್ಡ್ ಮೇಲೆ ಬರೆದದ್ದನ್ನು ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನು ಅವು ಹೊಂದುವ ಜಾಗಕ್ಕೆ ತಂದಿದ್ದೇನೆ.)

ಬ್ಯಾಂಕು, ಸೊಸೈಟಿ, ಪೋಸ್ಟಾಫೀಸು, ಎಲ್ಲೇ ಆಗಲಿ, ಕೌಂಟರ್ ಹಿಂದೆ ಕೂತವರನ್ನು ಕೇಳಿ ನೋಡಿ. ಒಂದು ಮಾತು ಹೇಳೇ ಹೇಳುತ್ತಾರೆ. "ಬಂದರೆ ಎಲ್ಲರೂ ಒಟ್ಟಿಗೇ ಬರ್ತಾರೆ ಸಾರ್, ಇಲ್ಲಾಂದ್ರೆ ಒಂದು ನರಪಿಳ್ಳೆಯೂ ಇರಲ್ಲ."

ಕೇಳಿದವರು ಇದನ್ನು ಗೊಣಗಾಟ ಅಂದುಕೊಂಡು ಸುಮ್ಮನಾಗುತ್ತಾರೆ. ನನಗೆ ಇದು ಗೊಣಗಾಟ ಅನಿಸುವುದಿಲ್ಲ. ಜನ ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಮಾತಾಡಿಕೊಳ್ಳದೆ, ಅವರವರ ಕೆಲಸಕ್ಕೆ ಅವರವರು ಬಂದಾಗ ಕೌಂಟರ್ ಮುಂದೆ ಹೀಗೇ ಆಗಬೇಕು. ಎಷ್ಟರ ಮಟ್ಟಿಗೆ ಆಗಬೇಕು ಅನ್ನೋದಕ್ಕೂ ಲೆಕ್ಕ ಇದೆ. ಆ ಲೆಕ್ಕದ ಹೆಸರು ಪಾಯ್ಸಾನ್ ವಿತರಣೆ. ಸಿಮಿಯೋನ್ ಡೆನಿ ಪಾಯ್ಸಾನ್ ಫ್ರಾನ್ಸಿನ ಗಣಿತಜ್ಞ. ಕೋರ್ಟಿನ ತೀರ್ಪುಗಳ ಬಗ್ಗೆ 1837ರಲ್ಲಿ ಬರೆದ ಪುಸ್ತಕದಲ್ಲಿ ಈ ಸೂತ್ರವನ್ನು ಕೊಟ್ಟರು. ಅವರು ಯಾವ ಕೌಂಟರಿನ ಬಗ್ಗೆಯೂ ಯೋಚಿಸುತ್ತಿರಲಿಲ್ಲ. ಸಾಲು, ಕಾಯುವಿಕೆ, ಸೇವೆ ಅನ್ನೋ ಕಡೆಗೆ ಇದನ್ನು ಎಳೆದು ತಂದವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಎರ್ಲಾಂಗ್. ಎಕ್ಸ್‌ಚೇಂಜಿಗೆ ಬರುವ ಕರೆಗಳ ಸಂಖ್ಯೆ ಈ ವಿತರಣೆಯಂತೆಯೇ ಇರುತ್ತದೆ ಅಂತ ಅವರು 1909ರಲ್ಲಿ ತೋರಿಸಿದರು. ಫೋನಿನ ಕರೆಗೂ ಕೌಂಟರಿಗೆ ಬರುವ ಮನುಷ್ಯನಿಗೂ ಈ ಲೆಕ್ಕದಲ್ಲಿ ಏನೂ ವ್ಯತ್ಯಾಸ ಇಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ನಾನೇ ಕಟ್ಟಿದ್ದೇನೆ, ಆದರೆ ಜಾಗ ನಿಮಗೆಲ್ಲ ಗೊತ್ತಿರುವಂಥದ್ದು. ಒಂದು ಹೋಬಳಿ ಊರು. ಅಲ್ಲೊಂದು ಸಹಕಾರಿ ಸೊಸೈಟಿ, ಒಂದೇ ಕ್ಯಾಷ್ ಕೌಂಟರ್, ಒಬ್ಬರೇ ಕ್ಯಾಷಿಯರ್. ಖಾತೆ ಇರುವವರು 1800 ಜನ. ಬೆಳಿಗ್ಗೆ 11ರಿಂದ 12ರವರೆಗಿನ ಒಂದು ಗಂಟೆಯನ್ನು ಮಾತ್ರ ನೋಡೋಣ. ಆ ಗಂಟೆಯಲ್ಲಿ ಸರಾಸರಿ 6 ಜನ ಬರುತ್ತಾರೆ.

1800 ಜನರಲ್ಲಿ 6 ಅಂದರೆ, ಒಬ್ಬೊಬ್ಬ ಖಾತೆದಾರ ಆ ಗಂಟೆಯಲ್ಲಿ ಬರುವ ಸಾಧ್ಯತೆ 300ಕ್ಕೆ 1. ಬರದೇ ಇರುವ ಸಾಧ್ಯತೆ 300ಕ್ಕೆ 299. ಹಾಗಾದರೆ ಯಾರೂ ಬರದೇ ಇರುವ ಸಾಧ್ಯತೆ ಎಷ್ಟು? ಮೊದಲನೆಯವರು ಬರಬಾರದು, ಎರಡನೆಯವರು ಬರಬಾರದು, ಹೀಗೆ 1800 ಜನರೂ ಬರಬಾರದು. ಅಂದರೆ 299/300 ಅನ್ನೋದನ್ನು 1800 ಸಲ ಗುಣಿಸಬೇಕು. ಉತ್ತರ ಸುಮಾರು 0.0025. ಖಾತೆದಾರರು ಇನ್ನೂ ಜಾಸ್ತಿ ಇದ್ದು, ಒಬ್ಬೊಬ್ಬರ ಸಾಧ್ಯತೆ ಇನ್ನೂ ಕಡಿಮೆ ಇದ್ದು, ಸರಾಸರಿ ಮಾತ್ರ 6 ಆಗಿಯೇ ಉಳಿದರೆ ಈ ಉತ್ತರ ಒಂದು ಕಡೆ ಬಂದು ನಿಲ್ಲುತ್ತದೆ. e ಅಂದರೆ ಸುಮಾರು 2.718 ಅನ್ನೋ ಸ್ಥಿರ ಸಂಖ್ಯೆ, ಉತ್ತರ ಬಂದು ನಿಲ್ಲುವುದು e^(-6) ಹತ್ತಿರ. ಅದು ಕೂಡ 0.0025ರ ಹತ್ತಿರವೇ. ಇಲ್ಲೊಂದು ಅನುಕೂಲ ಇದೆ. ಖಾತೆದಾರರು ಒಟ್ಟು ಎಷ್ಟು ಅಂತ ನಿಮಗೆ ಗೊತ್ತಿರಬೇಕಾಗಿಲ್ಲ, ಸರಾಸರಿ ಒಂದು ಗೊತ್ತಿದ್ದರೆ ಸಾಕು. ಆ ಸರಾಸರಿಯನ್ನು ಲ್ಯಾಂಬ್ಡಾ ಅಂತ ಕರೆಯುತ್ತಾರೆ, λ ಅಂತ ಬರೆಯುತ್ತಾರೆ. ಪೂರ್ತಿ ಸೂತ್ರ ಇದು:

```
P(k) = e^(-λ) × λ^k / k!
```

k ಅಂದರೆ ಎಷ್ಟು ಜನ ಬಂದರು ಅನ್ನೋದು, k! ಅಂದರೆ 1ರಿಂದ kವರೆಗಿನ ಅಂಕಿಗಳನ್ನೆಲ್ಲ ಗುಣಿಸಿದ್ದು. ಸೂತ್ರ ನೋಡಿ ಹೆದರಬೇಡಿ. ಅಂಗಡಿಯ ಸಾದಾ ಕ್ಯಾಲ್ಕುಲೇಟರಿನಲ್ಲೇ ಇದನ್ನು ಮಾಡಬಹುದು. 0.0025ರಿಂದ ಶುರು ಮಾಡಿ. ಅದನ್ನು 6ರಿಂದ ಗುಣಿಸಿ 1ರಿಂದ ಭಾಗಿಸಿದರೆ ಒಬ್ಬರೇ ಬರುವ ಸಾಧ್ಯತೆ ಸಿಗುತ್ತದೆ. ಬಂದ ಉತ್ತರವನ್ನು ಮತ್ತೆ 6ರಿಂದ ಗುಣಿಸಿ 2ರಿಂದ ಭಾಗಿಸಿದರೆ ಇಬ್ಬರು ಬರುವ ಸಾಧ್ಯತೆ. ಆಮೇಲೆ 3ರಿಂದ, 4ರಿಂದ, ಹೀಗೆ. ಭಾಗಿಸುವ ಅಂಕಿ 6ಕ್ಕಿಂತ ಚಿಕ್ಕದಾಗಿರುವವರೆಗೂ ಉತ್ತರ ಏರುತ್ತಾ ಹೋಗುತ್ತದೆ, 6 ದಾಟಿದ ಮೇಲೆ ಇಳಿಯುತ್ತಾ ಹೋಗುತ್ತದೆ. 5 ಮತ್ತು 6ರ ಹತ್ತಿರ ಅದು ತುದಿ ಮುಟ್ಟುತ್ತದೆ, ಎರಡಕ್ಕೂ ಸುಮಾರು 0.16.

ಈ 0.16ರ ಮುಂದೆ ಸ್ವಲ್ಪ ನಿಲ್ಲಿ. ಸರಾಸರಿ 6 ಅಂತ ನಾವು ಹೇಳುತ್ತೇವೆ, ಆದರೆ ಸರಿಯಾಗಿ 6 ಜನ ಬರುವುದು ನೂರರಲ್ಲಿ 16 ದಿನ ಮಾತ್ರ. ಉಳಿದ 84 ದಿನ ಬೇರೆ ಏನೋ ಇರುತ್ತದೆ. ಇಬ್ಬರು ಅಥವಾ ಅದಕ್ಕಿಂತ ಕಡಿಮೆ ಜನ ಬರುವ ಸಾಧ್ಯತೆ ನೂರಕ್ಕೆ 6. ಹತ್ತಕ್ಕಿಂತ ಜಾಸ್ತಿ ಜನ ಬರುವುದು ನೂರಕ್ಕೆ 4ರ ಮೇಲೆ ಚೂರು. ನಮ್ಮ ಕ್ಯಾಷಿಯರ್‌ಗೆ ಒಬ್ಬರ ಕೆಲಸ ಮುಗಿಸಲು 6 ನಿಮಿಷ ಬೇಕು ಅಂತ ಇಟ್ಟುಕೊಂಡರೆ ಗಂಟೆಗೆ 10 ಜನರನ್ನು ನೋಡಬಹುದು. "ಬರೋದು 6, ನೋಡಬಲ್ಲದು 10, ಮತ್ತೆ ಸಾಲು ಯಾಕೆ?" ಅಂತ ಕೇಳುವ ಮ್ಯಾನೇಜರ್‌ಗೆ ಉತ್ತರ ಇಲ್ಲಿದೆ. 23 ದಿನಕ್ಕೆ ಒಂದು ದಿನ ಆ ಒಂದೇ ಗಂಟೆಯಲ್ಲಿ 10 ಮೀರುತ್ತದೆ, ಯಾರ ತಪ್ಪೂ ಇಲ್ಲದೆ. ತಿಂಗಳಿಗೊಮ್ಮೆ ಅನ್ನಿ.

10 ಮೀರದ ದಿನವೂ ಸಾಲು ನಿಲ್ಲುತ್ತದೆ. ಯಾಕೆಂದರೆ 6 ಜನ ಹತ್ತು ಹತ್ತು ನಿಮಿಷಕ್ಕೊಬ್ಬರಂತೆ ಬರುವುದಿಲ್ಲ. ಒಬ್ಬರಿಗೂ ಮುಂದಿನವರಿಗೂ ನಡುವಿನ ಅಂತರ ಸರಾಸರಿ 10 ನಿಮಿಷ ನಿಜ. ಆದರೆ ಆ ಅಂತರ 2 ನಿಮಿಷಕ್ಕಿಂತ ಕಡಿಮೆ ಇರುವ ಸಾಧ್ಯತೆ ನೂರಕ್ಕೆ 18. ಮೊದಲಿನವರ ಪಾಸ್‌ಬುಕ್ ಇನ್ನೂ ಪ್ರಿಂಟರ್ ಒಳಗಿರುವಾಗಲೇ ಮುಂದಿನವರು ಸ್ಲಿಪ್ ಚಾಚಿ ನಿಂತಿರುತ್ತಾರೆ, ಐದಾರು ಸಲದಲ್ಲಿ ಒಂದು ಸಲ. ಇನ್ನೊಂದು ಕಡೆ ನೋಡಿ. 20 ನಿಮಿಷಕ್ಕೆ ಸರಾಸರಿ ಇಬ್ಬರು, ಹಾಗಾಗಿ 20 ನಿಮಿಷ ಯಾರೂ ಬರದೇ ಇರುವ ಸಾಧ್ಯತೆ e^(-2), ಅಂದರೆ ನೂರಕ್ಕೆ 13ರಿಂದ 14. ಮೇಲಿನವರು ಆ 20 ನಿಮಿಷದಲ್ಲಿ ಒಳಗೆ ಬಂದರೆ ಖಾಲಿ ಕೂತ ಕ್ಯಾಷಿಯರ್ ಕಾಣುತ್ತಾರೆ. ಅರ್ಧ ಗಂಟೆ ಬಿಟ್ಟು ಬಂದರೆ ಸಾಲು ಕಾಣುತ್ತದೆ. ಎರಡೂ ಒಂದೇ ಕೌಂಟರು, ಒಂದೇ ಸರಾಸರಿ. ಒಂದು ಸಲ ಇಣುಕಿ ನೋಡಿ ಕೌಂಟರಿನ ಬಗ್ಗೆ ತೀರ್ಮಾನ ಮಾಡುವುದು ಅನ್ಯಾಯ ಅಂತ ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಇಷ್ಟು ಹೇಳಿದ ಮೇಲೆ ಒಬ್ಬರು ಎದ್ದು ಕೇಳಿದರು, "ಎಲ್ಲಾ ಸರಿ, ಆದರೆ ನಮ್ಮ ಕೌಂಟರು ಈ ಲೆಕ್ಕದ ಹಾಗೆ ನಡೀತಿದೆ ಅಂತ ಹೇಗೆ ಗೊತ್ತಾಗೋದು?" ಇದೇ ಮುಖ್ಯ ಪ್ರಶ್ನೆ. ಸೂತ್ರಕ್ಕೆ ಯಾವ ಸರಾಸರಿ ಕೊಟ್ಟರೂ ಅದು ಉತ್ತರ ಕೊಟ್ಟೇ ಕೊಡುತ್ತದೆ. ಆ ಉತ್ತರ ನಿಮ್ಮ ಕೌಂಟರಿಗೆ ಸಲ್ಲುತ್ತದೋ ಇಲ್ಲವೋ ಅಂತ ನೋಡುವುದು ನಮ್ಮ ಕೆಲಸ.

ಅದಕ್ಕೆ ಪಾಯ್ಸಾನ್‌ನಲ್ಲೇ ಒಂದು ಒಳ್ಳೆಯ ಗುರುತು ಇದೆ. ಸರಾಸರಿಯೂ ವೇರಿಯನ್ಸೂ ಒಂದೇ ಆಗಿರಬೇಕು. ವೇರಿಯನ್ಸ್ ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಳತೆ. ಪ್ರತಿ ದಿನದ ಅಂಕಿಯಿಂದ ಸರಾಸರಿ ಕಳೆದು, ಬಂದದ್ದನ್ನು ಅದರಿಂದಲೇ ಗುಣಿಸಿ, ಎಲ್ಲಾ ಕೂಡಿ, ದಿನಗಳ ಸಂಖ್ಯೆಗಿಂತ ಒಂದು ಕಡಿಮೆಯಿಂದ ಭಾಗಿಸಬೇಕು. ಅಷ್ಟೇ.

ನಮ್ಮ ಸೊಸೈಟಿಯಲ್ಲಿ 11ರಿಂದ 12ರ ಗಂಟೆಯನ್ನು 25 ದಿನ ಎಣಿಸಿದ್ದೇವೆ ಅಂದುಕೊಳ್ಳಿ. ಒಂದು ದಿನ 2 ಜನ ಬಂದರು. ಎರಡು ದಿನ 3, ನಾಲ್ಕು ದಿನ 4, ನಾಲ್ಕು ದಿನ 5, ಐದು ದಿನ 6, ಮೂರು ದಿನ 7, ಎರಡು ದಿನ 8, ಎರಡು ದಿನ 9, ಒಂದು ದಿನ 10, ಒಂದು ದಿನ 11. ಒಟ್ಟು 150 ಜನ, 25 ದಿನ, ಸರಾಸರಿ 6. ಈಗ ಚದುರಿದ್ದನ್ನು ನೋಡಿ. 2 ಜನ ಬಂದ ದಿನ ಸರಾಸರಿಗಿಂತ 4 ಕಡಿಮೆ, 4ರ ವರ್ಗ 16. 11 ಬಂದ ದಿನ 5 ಜಾಸ್ತಿ, ವರ್ಗ 25. ಹೀಗೆ ಎಲ್ಲಾ ಕೂಡಿದರೆ 124. 24ರಿಂದ ಭಾಗಿಸಿದರೆ 5.17. ಸರಾಸರಿ 6, ವೇರಿಯನ್ಸ್ 5.17. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 0.86. ಸರಿಯಾಗಿ 1 ಬರಲಿಲ್ಲ ಅಂತ ಬೇಜಾರಾಗಬೇಡಿ. 25 ದಿನದ ಎಣಿಕೆಯಲ್ಲಿ ಈ ಅನುಪಾತ 0.5ರಿಂದ 1.6ರ ನಡುವೆ ಎಲ್ಲಿದ್ದರೂ ಪಾಯ್ಸಾನ್ ಅಲ್ಲ ಅನ್ನಲು ಕಾರಣ ಸಿಗುವುದಿಲ್ಲ. ಸ್ಪ್ರೆಡ್‌ಶೀಟಿನಲ್ಲಿ ಮಾಡುವವರಿಗೆ ಎರಡೇ ಸಾಲು:

```
=VAR.S(B2:B26)/AVERAGE(B2:B26)
=1-POISSON.DIST(10, 6, TRUE)
```

ಮೊದಲನೆಯದು ಈಗ ಹೇಳಿದ ಅನುಪಾತ. ಎರಡನೆಯದು 10ಕ್ಕಿಂತ ಜಾಸ್ತಿ ಬರುವ ಸಾಧ್ಯತೆ, 0.043. ಮೊದಲನೆಯದನ್ನು ನೋಡದೆ ಎರಡನೆಯದಕ್ಕೆ ಹೋಗಬೇಡಿ.

ಈಗ ಅನುಪಾತ 3 ಬಂತು ಅಂತ ಇಟ್ಟುಕೊಳ್ಳಿ. 25 ದಿನದ ಎಣಿಕೆಗೆ 3 ಅಂದರೆ ಅದೃಷ್ಟದ ಆಟ ಅಲ್ಲ, ಏನೋ ಇದೆ. ಏನಿದೆ? ಬೇರೆ ಬೇರೆ ಕಾರಣಗಳಿಂದ ಅದೇ 3 ಬರಬಹುದು. ಅದಕ್ಕೇ ಇಲ್ಲಿ ನಿಧಾನವಾಗಿ ಹೋಗಬೇಕು.

ಮೊದಲು ಸಂತೆ. ವಾರಕ್ಕೆ 5 ದಿನ ಕೆಲಸ ಅನ್ನಿ, ಅದರಲ್ಲಿ ಒಂದು ದಿನ ಸಂತೆ. ಸಂತೆಗೆ ಬಂದವರು ಹಾಗೇ ಸೊಸೈಟಿಗೂ ಬಂದು ಹೋಗುತ್ತಾರೆ, ಆ ದಿನ ಗಂಟೆಗೆ ಸರಾಸರಿ 16 ಜನ. ಉಳಿದ 4 ದಿನ 6. ಎಲ್ಲಾ ಸೇರಿಸಿ ಸರಾಸರಿ ತೆಗೆದರೆ 8. ಆದರೆ 8 ಅನ್ನೋದು ಯಾವ ದಿನದ ಕಥೆಯೂ ಅಲ್ಲ. ಸಂತೆ ದಿನ ಅದರ ಎರಡರಷ್ಟು, ಉಳಿದ ದಿನ ಅದಕ್ಕಿಂತ ಕಡಿಮೆ. ಒಳಗಿನ ಸಹಜ ಚದುರುವಿಕೆ 8, ಅದರ ಮೇಲೆ ಸರಾಸರಿಯೇ ದಿನದಿಂದ ದಿನಕ್ಕೆ ಬದಲಾಗುವುದರಿಂದ ಬಂದ ಚದುರುವಿಕೆ 16, ಕೂಡಿದರೆ ವೇರಿಯನ್ಸ್ 24. ಅನುಪಾತ 3. ಇಡೀ ದಿನದ ಗಂಟೆಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿದರೂ ಇದೇ ಆಗುತ್ತದೆ, ಬೆಳಿಗ್ಗೆ ಬೇರೆ, ಊಟದ ಹೊತ್ತು ಬೇರೆ ಅಲ್ವಾ? ನಾನು ಶುರುವಿಗೇ 11ರಿಂದ 12ರ ಗಂಟೆಯನ್ನು ಮಾತ್ರ ಹಿಡಿದದ್ದು ಇದಕ್ಕೆ.

ಇನ್ನೊಂದು ಕಾರಣ ಗುಂಪು. ಸ್ತ್ರೀಶಕ್ತಿ ಸಂಘದವರು ಹಣ ಕಟ್ಟಲು ಬರುವುದನ್ನು ನೋಡಿದ್ದೀರಿ. ಒಬ್ಬರೇ ಬರುವುದಿಲ್ಲ. ಮೂರು ಜನ ಒಟ್ಟಿಗೆ ಬರುತ್ತಾರೆ, ಮೂವರ ಕೈಯಲ್ಲೂ ಪಾಸ್‌ಬುಕ್ ಇರುತ್ತದೆ, ಒಬ್ಬರ ಹತ್ತಿರ ಪೆನ್ನು, ಆಕೆಯೇ ಮೂವರ ಸ್ಲಿಪ್ಪೂ ತುಂಬುತ್ತಾಳೆ. ಕೌಂಟರಿಗೆ ಬರುವಾಗ ಮೂರು ಸ್ಲಿಪ್ ಒಟ್ಟಿಗೆ. ಎಲ್ಲರೂ ಹೀಗೆ ಮೂರು ಮೂರು ಜನರ ಗುಂಪಿನಲ್ಲೇ ಬರುತ್ತಾರೆ, ಗಂಟೆಗೆ ಸರಾಸರಿ 3 ಗುಂಪು ಅಂದುಕೊಳ್ಳಿ. ಜನರ ಸರಾಸರಿ 9. ಗುಂಪುಗಳ ಸಂಖ್ಯೆ ಪಾಯ್ಸಾನ್, ಅದರ ವೇರಿಯನ್ಸ್ 3. ಆದರೆ ಗುಂಪು ಒಂದು ಹೆಚ್ಚಾದರೆ ಜನ ಮೂರು ಹೆಚ್ಚಾಗುತ್ತಾರೆ, ವರ್ಗ ಮಾಡುವಾಗ ಆ ಮೂರು ಒಂಬತ್ತಾಗುತ್ತದೆ. ಹಾಗಾಗಿ ಜನರ ವೇರಿಯನ್ಸ್ 27. ಸರಾಸರಿ 9ರಿಂದ ಭಾಗಿಸಿದರೆ ಮತ್ತೆ 3. ಗುಂಪೆಲ್ಲ ಒಂದೇ ಗಾತ್ರದ್ದಾದರೆ ಅನುಪಾತ ಆ ಗಾತ್ರವನ್ನೇ ಹೇಳಿಬಿಡುತ್ತದೆ. ಇದನ್ನು ಮೊದಲ ಸಲ ಕಂಡಾಗ ನನಗೆ ತುಂಬಾ ಖುಷಿಯಾಗಿತ್ತು, ಈಗಲೂ ಆಗುತ್ತದೆ.

ಗುಂಪನ್ನು ಗಮನಿಸದೆ ಹೋದರೆ ನಷ್ಟ ಏನು? ಸರಾಸರಿ 9 ಅಂತ ಸುಮ್ನೆ ಸೂತ್ರಕ್ಕೆ ಕೊಟ್ಟರೆ, 15 ಅಥವಾ ಜಾಸ್ತಿ ಜನ ಬರುವುದು 24 ದಿನಕ್ಕೆ ಒಂದು ದಿನ ಅನ್ನುತ್ತದೆ. ನಿಜವಾಗಿ 15 ಜನ ಅಂದರೆ 5 ಗುಂಪು. ಸರಾಸರಿ 3 ಇರುವಾಗ 5 ಅಥವಾ ಜಾಸ್ತಿ ಗುಂಪು ಬರುವ ಸಾಧ್ಯತೆ ನೂರಕ್ಕೆ 18ರ ಮೇಲೆ. ತಿಂಗಳಿಗೊಮ್ಮೆ ಅಂದುಕೊಂಡ ನೂಕುನುಗ್ಗಲು ವಾರಕ್ಕೊಮ್ಮೆ ಬಂದು ನಿಲ್ಲುತ್ತದೆ. ಸರಾಸರಿ ಮಾತ್ರ ಎರಡರಲ್ಲೂ ಅದೇ 9. ಸರಾಸರಿ ನೋಡಿಯೇ ಒಬ್ಬ ಕ್ಯಾಷಿಯರ್ ಸಾಕು, ಇಬ್ಬರು ಬೇಕು ಅಂತ ತೀರ್ಮಾನ ಮಾಡಿದರೆ ಏಟು ತಿನ್ನುವುದು ಇಲ್ಲೇ.

ಹಾಗಾದರೆ 3 ಬಂದಾಗ ಅದು ಸಂತೆಯೋ ಗುಂಪೋ ಅಂತ ಗೊತ್ತಾಗುವುದು ಹೇಗೆ? ಅಂಕಿಗಳನ್ನು ಬೇರೆ ಬೇರೆ ಮಾಡಿ. ಸಂತೆ ದಿನದ್ದು ಒಂದು ಕಡೆ, ಉಳಿದದ್ದು ಒಂದು ಕಡೆ. ಎರಡರಲ್ಲೂ ಅನುಪಾತ 1ರ ಹತ್ತಿರ ಬಂದರೆ ಗಂಟು ಬಿಡಿಸಿದ ಹಾಗೆ, ಎರಡು ಸರಾಸರಿ ಇಟ್ಟುಕೊಂಡು ಎರಡು ಲೆಕ್ಕ ಮಾಡಿದರೆ ಆಯಿತು. ಎಷ್ಟು ಬೇರೆ ಮಾಡಿದರೂ 3 ಹತ್ತಿರವೇ ಕೂತಿದ್ದರೆ ಆಗ ಬಾಗಿಲ ಹತ್ತಿರ ನಿಂತು ನೋಡಿ, ಜನ ಜೊತೆಯಾಗಿ ಬರುತ್ತಿದ್ದಾರಾ ಅಂತ. ಹೌದಾದರೆ ತಲೆ ಎಣಿಸಬೇಡಿ, ಗುಂಪು ಎಣಿಸಿ. ಗುಂಪಿಗೆ ಪಾಯ್ಸಾನ್ ಹಾಕಿ, ಗುಂಪಿನ ಗಾತ್ರವನ್ನು ಬೇರೆಯಾಗಿ ಬರೆದಿಡಿ. ಹಳ್ಳಿ ಬಸ್ಸು ಬಂದಾಗ ಇಳಿಯುವ ಜನವೂ ಒಂದು ರೀತಿಯ ಗುಂಪೇ. ಆದರೆ ಬಸ್ಸಿಗೆ ಟೈಮ್ ಇದೆ, ಬಸ್ಸಿನ ಹೊತ್ತನ್ನು ಬಿಟ್ಟು ಉಳಿದ ಹೊತ್ತನ್ನು ಎಣಿಸಿದರೆ ಅದು ಬೇರೆಯಾಗಿ ಕಾಣುತ್ತದೆ.

ಅನುಪಾತ 1ಕ್ಕಿಂತ ತುಂಬಾ ಕಡಿಮೆ ಬರುವುದೂ ಉಂಟು, 0.3, 0.2 ಹೀಗೆ. ಟೋಕನ್ ಕೊಟ್ಟು ಟೈಮ್ ಹೇಳಿ ಕರೆಸುವ ಕಡೆ ಹಾಗೆ ಆಗುವುದು ಸಹಜ, ಅಲ್ಲಿ ಜನ ತಮ್ಮಿಷ್ಟಕ್ಕೆ ಬರುವುದಿಲ್ಲ. ಆದರೆ ಟೋಕನ್ ಇಲ್ಲದ ಕಡೆಯೂ 0.2 ಬಂದರೆ ನನಗೆ ಮೊದಲು ಅನುಮಾನ ಬರುವುದು ಎಣಿಸಿದ ರೀತಿಯ ಮೇಲೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ನನ್ನ ಕಣ್ಣೆದುರೇ ನಡೆದದ್ದು. ಒಂದು ಕಚೇರಿಯವರು ಕಂಪ್ಯೂಟರಿನಿಂದ ಗಂಟೆಗಂಟೆಯ ಪಟ್ಟಿ ತೆಗೆದು ಕೊಟ್ಟರು. 10, 9, 10, 10, 9, 10. ಎಷ್ಟು ಚೆನ್ನಾಗಿ ಸಮವಾಗಿ ಬರುತ್ತಾರೆ ನೋಡಿ ಅಂದರು. ಬರುತ್ತಿದ್ದದ್ದು ಹಾಗಲ್ಲ. ಕಂಪ್ಯೂಟರಿನಲ್ಲಿ ಬೀಳುವುದು ಕೆಲಸ ಮುಗಿದ ಹೊತ್ತು, ಮನುಷ್ಯ ಬಂದ ಹೊತ್ತು ಅಲ್ಲ. ಕ್ಯಾಷಿಯರ್ ಗಂಟೆಗೆ 10 ಜನರನ್ನಷ್ಟೇ ನೋಡಬಲ್ಲವರಾದರೆ, ಹೊರಗೆ 17 ಜನ ನಿಂತಿದ್ದರೂ ಪಟ್ಟಿಯಲ್ಲಿ 10 ಅಂತಲೇ ಇರುತ್ತದೆ. ಉಳಿದ 7 ಜನರಲ್ಲಿ ಕೆಲವರು ಮುಂದಿನ ಗಂಟೆಯ ಲೆಕ್ಕಕ್ಕೆ ಸೇರುತ್ತಾರೆ, ಕೆಲವರು ಸಾಲು ನೋಡಿ ವಾಪಸ್ ಹೋಗಿಬಿಡುತ್ತಾರೆ. ಹಾಗೆ ಹೋದವರು ಯಾವ ಪಟ್ಟಿಯಲ್ಲೂ ಇಲ್ಲ. ಬೆಳಿಗ್ಗೆಯೇ ಕೂಲಿ ಬಿಟ್ಟು ಬಂದು ವಾಪಸ್ ಹೋದ ಮನುಷ್ಯ ಲೆಕ್ಕದಲ್ಲೇ ಇಲ್ಲ ಅನ್ನೋದು ನನ್ನನ್ನು ಇವತ್ತಿಗೂ ಕಾಡುತ್ತದೆ. ಗರಿಷ್ಠ ಮಿತಿಗೆ ಒತ್ತಿಕೊಂಡು ಸಮವಾಗಿ ನಿಂತ ಅಂಕಿ ಕಂಡರೆ ಅದು ಜನ ಬರುವ ಲೆಕ್ಕ ಅಲ್ಲ, ಕ್ಯಾಷಿಯರ್ ಕೈಯ ವೇಗದ ಲೆಕ್ಕ.

ಆದ್ದರಿಂದ ಎಣಿಸುವುದು ಬಾಗಿಲಲ್ಲಿ. ಒಂದು ನೋಟ್‌ಬುಕ್, ಗಂಟೆಗೊಂದು ಸಾಲು, ಒಳಗೆ ಬಂದವರಿಗೆ ಒಂದು ಗೀಟು. ಜೊತೆಯಲ್ಲಿ ಬಂದವರ ಗೀಟುಗಳಿಗೆ ಸುತ್ತು ಹಾಕಿ. ಸಾಲು ನೋಡಿ ವಾಪಸ್ ಹೋದವರ ಗೀಟಿಗೆ ಅಡ್ಡಗೆರೆ ಎಳೆಯಿರಿ, ಅಳಿಸಬೇಡಿ, ಅವರೂ ಬಂದವರೇ. ಪಕ್ಕದಲ್ಲಿ ವಾರ, ಸಂತೆ ಇತ್ತಾ, ಪಿಂಚಣಿ ಬಂದ ದಿನವಾ ಅಂತ ಎರಡು ಅಕ್ಷರ. ನೋಟ್‌ಬುಕ್ಕಿನ ಈ ಒಂದು ಹಾಳೆಯಲ್ಲಿ ನಾನು ಇಷ್ಟು ಹೊತ್ತು ಹೇಳಿದ ಎಲ್ಲವನ್ನೂ ಪರೀಕ್ಷೆ ಮಾಡಬಹುದು.

"ಎಷ್ಟು ದಿನ ಎಣಿಸಬೇಕು?" ಅಂತ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು. ಅದಕ್ಕೂ ಇದೇ ಲೆಕ್ಕದಲ್ಲಿ ಉತ್ತರ ಇದೆ. ಸರಾಸರಿಯನ್ನು ದಿನಗಳ ಸಂಖ್ಯೆಯಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. 6ನ್ನು 25ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು ಅರ್ಧ. ಅದರ ಎರಡರಷ್ಟು ಆ ಕಡೆ ಈ ಕಡೆ ಬಿಟ್ಟುಕೊಳ್ಳಬೇಕು. ಅಂದರೆ 25 ದಿನ ಎಣಿಸಿ 6 ಅಂದದ್ದು ನಿಜವಾಗಿ 5 ಇರಬಹುದು, 7 ಕೂಡ ಇರಬಹುದು. ಸಣ್ಣ ವ್ಯತ್ಯಾಸ ಅನಿಸುತ್ತದೆ. ಆದರೆ 10 ಮೀರುವ ಸಾಧ್ಯತೆ ನೋಡಿ. ಸರಾಸರಿ 5 ಆದರೆ 73 ದಿನಕ್ಕೆ ಒಂದು ದಿನ. 7 ಆದರೆ 10 ದಿನಕ್ಕೆ ಒಂದು ದಿನ. ನಾನು ಆಗಲೇ 23 ದಿನಕ್ಕೆ ಒಂದು ದಿನ ಅಂತ ಅಷ್ಟು ಖಚಿತವಾಗಿ ಹೇಳಿದೆನಲ್ಲ, ಅದು ಸರಾಸರಿ ಸರಿಯಾಗಿ 6 ಅಂತ ಒಪ್ಪಿಕೊಂಡಿದ್ದಕ್ಕೆ ಬಂದ ಉತ್ತರ. ಅಪರೂಪಕ್ಕೆ ಆಗುವ ಇಂಥ ಬಾಲದ ತುದಿಯ ಅಂಕಿಗಳು ಸರಾಸರಿಯ ಸಣ್ಣ ಅಲುಗಾಟಕ್ಕೂ ಹೀಗೆ ಬಲವಾಗಿ ಅಲುಗುತ್ತವೆ. 100 ದಿನ ಎಣಿಸಿದರೆ ಆ ಅರ್ಧ ಕಾಲಾಗುತ್ತದೆ, ಸರಾಸರಿ ಐದೂವರೆಯಿಂದ ಆರೂವರೆ ಒಳಗೆ ಬರುತ್ತದೆ. ಹುಡುಗಿ ಕೈಬೆರಳಲ್ಲಿ ಏನೋ ಲೆಕ್ಕ ಹಾಕಿ, "ಹಾಗಾದ್ರೆ ನಾಲ್ಕು ತಿಂಗಳ ಮೇಲೆ ಎಣಿಸಬೇಕು, ಅಷ್ಟರಲ್ಲಿ ಮಳೆಗಾಲ ಬಂದು ಸರಾಸರಿಯೇ ಬದಲಾಗುತ್ತಲ್ಲ ಸಾರ್" ಅಂದಳು. ಹೌದು, ಬದಲಾಗುತ್ತದೆ. ಆಗ ಮಳೆಗಾಲದ ದಿನಗಳನ್ನು ಸಂತೆ ದಿನದ ಹಾಗೆಯೇ ಬೇರೆ ಕಡೆ ಬರೆದು, ಎರಡೂ ಕಡೆಯ ಅನುಪಾತವನ್ನು ಬೇರೆ ಬೇರೆಯಾಗಿ ತೆಗೆಯಬೇಕು.